ಅನೋವಾಕ್ಕೆ ಮುನ್ನ: ಹೊಲದ ಎಣಿಕೆಗಳನ್ನು ಯಾವ ಅಳತೆಗೋಲಿನಲ್ಲಿ ನೋಡಬೇಕು?

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹೊಲ-ತೋಟಗಳಲ್ಲಿ ಪ್ರಯೋಗ ನಡೆಸುವ ಕೃಷಿ ಮತ್ತು ತೋಟಗಾರಿಕೆ ವಿದ್ಯಾರ್ಥಿಗಳಿಗೂ ಕ್ಷೇತ್ರ ಸಿಬ್ಬಂದಿಗೂ ಪದೇ ಪದೇ ಎದುರಾಗುವ ತೊಡಕೊಂದಿದೆ. ಸಿಂಪರಣೆಯಾದ ತಾಕಿನಲ್ಲಿ ಕೀಟ ಬಹುಮಟ್ಟಿಗೆ ಇಲ್ಲವಾಗಿರುವುದು, ಪಕ್ಕದ ತಾಕಿನಲ್ಲಿ ಅದರ ಮೂರು ಪಟ್ಟು ಉಳಿದಿರುವುದು ಬರಿಗಣ್ಣಿಗೇ ಕಾಣುತ್ತದೆ. ಆದರೂ ಅಂಕಿಗಳನ್ನು ಗಣಕಕ್ಕೆ ಕೊಟ್ಟು ಅನೋವಾ ಮಾಡಿದಾಗ ಆ ಎರಡು ಉಪಚಾರಗಳ ನಡುವೆ ಸಾರ್ಥಕ ವ್ಯತ್ಯಾಸವಿಲ್ಲ ಎಂಬ ಉತ್ತರ ಬರುತ್ತದೆ. ಅಂಥ ಸಂದರ್ಭದಲ್ಲಿ ಕೆಲವರು ಆ ಉತ್ತರವನ್ನೇ ವರದಿಗೆ ಬರೆಯುತ್ತಾರೆ, ಕೆಲವರು ಕಾರಣ ತಿಳಿಯದೆಯೇ ಅಂಕಿಗಳ ವರ್ಗಮೂಲ ತೆಗೆದು ಮತ್ತೊಮ್ಮೆ ಪ್ರಯತ್ನಿಸುತ್ತಾರೆ, ಮತ್ತೆ ಕೆಲವರು ಶ್ರೇಯಾಂಕ ಆಧಾರಿತ ಪರೀಕ್ಷೆಯೇ ಸುರಕ್ಷಿತವೆಂದು ಅದರ ಮೊರೆ ಹೋಗುತ್ತಾರೆ. ಈ ಮೂರರಲ್ಲಿ ಯಾವುದು ಯಾವಾಗ ಸರಿ ಎಂಬುದನ್ನು ಈರುಳ್ಳಿಯ ಥ್ರಿಪ್ಸ್ ನುಸಿಯ ಒಂದೇ ಉದಾಹರಣೆಯ ಮೂಲಕ ಹಂತಹಂತವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಅನೋವಾ ಏನನ್ನು ನಂಬಿಕೊಂಡಿದೆ?

ಅನೋವಾ ಎಂದರೆ, ಅಂಕಿಗಳಲ್ಲಿ ಕಾಣುವ ಒಟ್ಟು ಏರಿಳಿತವನ್ನು ಉಪಚಾರದಿಂದ ಬಂದದ್ದು, ಬ್ಲಾಕಿನಿಂದ ಬಂದದ್ದು, ಉಳಿದದ್ದು ಎಂದು ಪಾಲು ಮಾಡಿ, ಉಪಚಾರದ ಪಾಲನ್ನು ಉಳಿಕೆಯ ಪಾಲಿನೊಂದಿಗೆ ಹೋಲಿಸುವ ವಿಧಾನ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ರೂಪಿಸಿದ ಈ ವಿಧಾನ ಹೊಲದ ಪ್ರಯೋಗಕ್ಕಾಗಿಯೇ ಹುಟ್ಟಿದ್ದು. ಆದರೆ ಎಣಿಕೆಯ ಅಂಕಿಗಳಿಗೆ ಅದನ್ನು ಹಾಗೆಯೇ ಹಚ್ಚುವಂತಿಲ್ಲವೆಂಬುದನ್ನು ಎಂ. ಎಸ್. ಬಾರ್ಟ್‌ಲೆಟ್ 1936ರಷ್ಟು ಹಿಂದೆಯೇ ತೋರಿಸಿ, ವರ್ಗಮೂಲ ರೂಪಾಂತರವನ್ನು ಸೂಚಿಸಿದ್ದರು.

ಉಳಿಕೆಯ ಪಾಲು ಎಲ್ಲ ಉಪಚಾರಗಳಿಗೂ ಸಮಾನವಾಗಿ ಅನ್ವಯಿಸುವ ಒಂದೇ ಅಳತೆಗೋಲು ಎಂಬುದು ಅನೋವಾದ ಮೂಲ ನಂಬಿಕೆ. ಇದರಿಂದ ನಾಲ್ಕು ಷರತ್ತುಗಳು ಹೊರಡುತ್ತವೆ. ತಾಕುಗಳು ಒಂದರಿಂದ ಒಂದು ಸ್ವತಂತ್ರವಾಗಿರಬೇಕು. ಉಪಚಾರದ ಪರಿಣಾಮವೂ ಬ್ಲಾಕಿನ ಪರಿಣಾಮವೂ ಪರಸ್ಪರ ಕೂಡಿಕೊಳ್ಳುವಂಥವಾಗಿರಬೇಕು, ಗುಣಿಸಿಕೊಳ್ಳುವಂಥವಾಗಿರಬಾರದು. ಎಲ್ಲ ಉಪಚಾರಗಳ ವೇರಿಯನ್ಸ್, ಅಂದರೆ ಸರಾಸರಿಯಿಂದ ಅಂಕಿಗಳು ಚದುರಿರುವ ಪ್ರಮಾಣದ ವರ್ಗರೂಪ, ಸುಮಾರಾಗಿ ಒಂದೇ ಆಗಿರಬೇಕು. ಕೊನೆಯದಾಗಿ, ಶೇಷಗಳು ನಾರ್ಮಲ್ ವಿತರಣೆಯನ್ನು, ಅಂದರೆ ನಡುವೆ ಉಬ್ಬಿ ಎರಡೂ ಕಡೆ ಸಮನಾಗಿ ಇಳಿಯುವ ಗಂಟೆಯಾಕಾರವನ್ನು, ಹೋಲಬೇಕು. ಶೇಷವೆಂದರೆ ತಾಕಿನಲ್ಲಿ ನಿಜವಾಗಿ ದೊರೆತ ಅಂಕಿಯಿಂದ, ಆ ಉಪಚಾರ ಮತ್ತು ಆ ಬ್ಲಾಕಿಗೆ ಲೆಕ್ಕ ಅಂದಾಜಿಸಿದ ಅಂಕಿಯನ್ನು ಕಳೆದಾಗ ಉಳಿಯುವುದು. ಈ ಷರತ್ತುಗಳನ್ನು ಪ್ರಾಮುಖ್ಯದ ಇಳಿಕೆಯ ಕ್ರಮದಲ್ಲಿಯೇ ಇಲ್ಲಿ ಪಟ್ಟಿ ಮಾಡಲಾಗಿದೆ: ಹೆಚ್ಚಿನವರು ಮೊದಲು ಪರೀಕ್ಷಿಸುವ ನಾರ್ಮಲ್ ಗುಣವೇ ಇವುಗಳಲ್ಲಿ ತಪ್ಪಿದರೆ ಅತ್ಯಂತ ಕಡಿಮೆ ಹಾನಿ ಮಾಡುವಂಥದ್ದು.

ಥ್ರಿಪ್ಸ್ ಎಣಿಕೆ ಏಕೆ ಹಟ ಮಾಡುತ್ತದೆ?

ಅಜ್ಜಂಪುರದ ಸುತ್ತಲಿನ ಕಪ್ಪು ಮಣ್ಣಿನಲ್ಲಿ ಬೆಳೆಯುವ ಈರುಳ್ಳಿಗೆ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಥ್ರಿಪ್ಸ್ ಕಾಟ ಹೆಚ್ಚು. ಈ ಸಣ್ಣ ಕೀಟ ಒಳ ಎಲೆಗಳ ಬುಡದ ಸಂದಿಯಲ್ಲಿ ಅಡಗಿ ರಸ ಹೀರುತ್ತದೆ, ಎಲೆಯ ಅಂಗಾಂಶದೊಳಗೇ ಮೊಟ್ಟೆಯಿಡುತ್ತದೆ, ಬೆಚ್ಚಗಿನ ಒಣ ಹವೆಯಲ್ಲಿ ಒಂದರ ಹಿಂದೊಂದು ತಲೆಮಾರು ಬೇಗ ಬೇಗ ಬೆಳೆಸುತ್ತದೆ. ಹೀಗೆ ಪೀಳಿಗೆಯಿಂದ ಪೀಳಿಗೆಗೆ ಗುಣಿತವಾಗಿ ಬೆಳೆಯುವ ಜೀವಿಯ ಸಂಖ್ಯೆ ಒಳ್ಳೆಯ ಜಾಗದಲ್ಲಿ ಇಷ್ಟು ಪಟ್ಟು ಹೆಚ್ಚು, ಕೆಟ್ಟ ಜಾಗದಲ್ಲಿ ಇಷ್ಟು ಪಟ್ಟು ಕಡಿಮೆ ಎಂಬ ರೀತಿಯಲ್ಲಿ ಬದಲಾಗುತ್ತದೆಯೇ ಹೊರತು, ಇಷ್ಟು ಸಂಖ್ಯೆ ಹೆಚ್ಚು, ಇಷ್ಟು ಸಂಖ್ಯೆ ಕಡಿಮೆ ಎಂಬ ರೀತಿಯಲ್ಲಿ ಅಲ್ಲ. ಕೀಟನಾಶಕವೂ ಇದ್ದುದರಲ್ಲಿ ಒಂದು ಪಾಲನ್ನು ಕೊಲ್ಲುತ್ತದೆ, ನಿಗದಿತ ಸಂಖ್ಯೆಯನ್ನಲ್ಲ. ಆದ್ದರಿಂದ ಸರಾಸರಿ ದೊಡ್ಡದಾದಲ್ಲಿ ಚದುರುವಿಕೆಯೂ ದೊಡ್ಡದು, ಸರಾಸರಿ ಚಿಕ್ಕದಾದಲ್ಲಿ ಚದುರುವಿಕೆಯೂ ಚಿಕ್ಕದು. ವೇರಿಯನ್ಸ್ ಸರಾಸರಿಯ ಒಂದು ಘಾತಕ್ಕೆ ಅನುಗುಣವಾಗಿ ಏರುತ್ತದೆ ಎಂದು ಎಲ್. ಆರ್. ಟೇಲರ್ 1961ರಲ್ಲಿ ಪ್ರಕಟಿಸಿದ ನಿಯಮ ಇದೇ ಸಂಗತಿಯನ್ನು ಹೇಳುತ್ತದೆ, ಮತ್ತು ಯಾವ ರೂಪಾಂತರ ಬೇಕೆಂಬುದಕ್ಕೆ ಕೀಲಿಕೈಯೂ ಅದರಲ್ಲಿಯೇ ಇದೆ.

ಉದಾಹರಣೆಯ ಅಂಕಿಗಳು

ಕೆಳಗಿನ ಅಂಕಿಗಳನ್ನು ಲೆಕ್ಕವನ್ನು ಕೈಯಿಂದಲೇ ಮಾಡಿ ನೋಡಲು ಅನುಕೂಲವಾಗುವಂತೆ ಅಭ್ಯಾಸಕ್ಕಾಗಿ ರಚಿಸಲಾಗಿದೆ; ಇವು ಯಾವುದೇ ಪ್ರಯೋಗದ ಫಲಿತಾಂಶವಲ್ಲ. ಹೊಲದ ಇಳಿಜಾರಿಗೆ ಅಡ್ಡಲಾಗಿ ಐದು ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನ ನಾಲ್ಕು ತಾಕುಗಳಿಗೆ ನಾಲ್ಕು ಉಪಚಾರಗಳನ್ನು ಚೀಟಿ ಎತ್ತಿ ಹಂಚಲಾಗಿದೆ ಎಂದಿಟ್ಟುಕೊಳ್ಳಬೇಕು. ಪ್ರತಿ ಅಂಕಿಯೂ ಒಂದು ತಾಕಿನ ಹತ್ತು ಗಿಡಗಳಲ್ಲಿ ಎಣಿಸಿದ ಥ್ರಿಪ್ಸ್‌ಗಳ ಮೊತ್ತ.

| ಉಪಚಾರ | ಬ್ಲಾಕ್ 1 | ಬ್ಲಾಕ್ 2 | ಬ್ಲಾಕ್ 3 | ಬ್ಲಾಕ್ 4 | ಬ್ಲಾಕ್ 5 | ಸರಾಸರಿ | ಮಾನಕ ವಿಚಲನೆ |
|---|---|---|---|---|---|---|---|
| ಸಿಂಪರಣೆ ಇಲ್ಲ | 180 | 220 | 330 | 400 | 200 | 266 | 95 |
| ನೀಲಿ ಅಂಟು ಬಲೆ | 110 | 230 | 160 | 310 | 130 | 188 | 82 |
| ಬೇವಿನ ಬೀಜದ ಕಷಾಯ | 46 | 40 | 80 | 84 | 50 | 60 | 20 |
| ಕೀಟನಾಶಕ | 11 | 22 | 18 | 36 | 13 | 20 | 10 |

ಮಾನಕ ವಿಚಲನೆ ಎಂದರೆ ವೇರಿಯನ್ಸ್‌ನ ವರ್ಗಮೂಲ. ಮೂಲ ಅಂಕಿಗಳ ಮಾನದಲ್ಲಿಯೇ ಹೇಳಿದ ಚದುರುವಿಕೆ. ಈ ಅಂಕಿಗಳನ್ನು ಹಾಗೆಯೇ ಅನೋವಾಕ್ಕೆ ಒಳಪಡಿಸಿದರೆ ಎಫ್ ಬೆಲೆ 27.3 ಬರುತ್ತದೆ, ಸಿ.ಡಿ., ಅಂದರೆ ಎರಡು ಸರಾಸರಿಗಳು ಬೇರೆಯೆನ್ನಲು ಇರಬೇಕಾದ ಕನಿಷ್ಠ ಅಂತರ, 67 ಆಗುತ್ತದೆ. ಬೇವಿನ ಕಷಾಯಕ್ಕೂ ಕೀಟನಾಶಕಕ್ಕೂ ಇರುವ ಅಂತರ ಕೇವಲ 40. ಹೀಗಾಗಿ ಐದಕ್ಕೆ ಐದೂ ಬ್ಲಾಕುಗಳಲ್ಲಿ ಕೀಟನಾಶಕದ ತಾಕಿನಲ್ಲಿಯೇ ಕೀಟ ಕಡಿಮೆಯಿದ್ದರೂ, ಎರಡೂ ಸಮಾನವೆಂದು ಒಂದೇ ಅಕ್ಷರದ ಗುಂಪಿಗೆ ಸೇರಿಬಿಡುತ್ತವೆ. ದೋಷವಿರುವುದು ಅಂಕಿಗಳಲ್ಲಲ್ಲ, 67 ಎಂಬ ಆ ಒಂದೇ ಅಳತೆಗೋಲಿನಲ್ಲಿ. ನೂರಾರು ಕೀಟಗಳಿರುವ ತಾಕುಗಳ ಹೊಯ್ದಾಟದಿಂದ ತಯಾರಾದ ಗೋಲಿನಿಂದ, ಹತ್ತಿಪ್ಪತ್ತು ಕೀಟಗಳಿರುವ ತಾಕುಗಳನ್ನೂ ಅಳೆಯಲಾಗುತ್ತಿದೆ.

ಪರೀಕ್ಷಿಸುವ ಕ್ರಮ

1. ಮೊದಲು ಸ್ವತಂತ್ರತೆಯನ್ನು ಖಚಿತಪಡಿಸಿಕೊಳ್ಳಬೇಕು. ಒಂದು ತಾಕಿನ ಹತ್ತು ಗಿಡಗಳು ಹತ್ತು ಪುನರಾವರ್ತನೆಗಳಲ್ಲ, ಅವೆಲ್ಲವೂ ಒಂದೇ ಸಿಂಪರಣೆಯನ್ನು ಪಡೆದ ಒಂದೇ ತಾಕಿನ ಭಾಗಗಳು. ಮೊತ್ತ ಅಥವಾ ಸರಾಸರಿ ತೆಗೆದು ತಾಕಿಗೆ ಒಂದೇ ಅಂಕಿ ಇಟ್ಟುಕೊಂಡ ನಂತರವೇ ಮುಂದುವರಿಯಬೇಕು. ಇಲ್ಲಿ ಆದ ತಪ್ಪನ್ನು ಯಾವ ರೂಪಾಂತರವೂ ಯಾವ ಶ್ರೇಯಾಂಕ ಪರೀಕ್ಷೆಯೂ ಸರಿಪಡಿಸಲಾರದು.

2. ಸರಾಸರಿಯ ಜೊತೆಗೆ ಮಾನಕ ವಿಚಲನೆಯನ್ನು ಬರೆದು ನೋಡಬೇಕು. ಮೇಲಿನ ಕೋಷ್ಟಕದಲ್ಲಿ ಸರಾಸರಿ 266ರಿಂದ 20ಕ್ಕೆ ಇಳಿಯುತ್ತಿದ್ದಂತೆ ವಿಚಲನೆಯೂ 95ರಿಂದ 10ಕ್ಕೆ ಇಳಿದಿದೆ. ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದರೆ ಕ್ರಮವಾಗಿ 0.36, 0.44, 0.34, 0.50 ದೊರೆಯುತ್ತವೆ, ಅಂದರೆ ಅನುಪಾತ ಬಹುಮಟ್ಟಿಗೆ ಒಂದೇ. ವೇರಿಯನ್ಸ್ ಅನ್ನು ಸರಾಸರಿಯಿಂದ ಭಾಗಿಸಿದರೆ ಮಾತ್ರ 34, 36, 7, 5 ಎಂದು ದೂರ ದೂರ ಹೋಗುತ್ತವೆ. ಮೊದಲನೆಯ ಅನುಪಾತ ಸ್ಥಿರವಾಗಿದ್ದರೆ ಲಾಗ್ ರೂಪಾಂತರ, ಎರಡನೆಯದು ಸ್ಥಿರವಾಗಿದ್ದರೆ ವರ್ಗಮೂಲ ರೂಪಾಂತರ ಹೊಂದುತ್ತದೆ ಎಂಬುದು ಸುಲಭವಾದ ಸೂತ್ರ.

3. ಶೇಷಗಳನ್ನು ಅಂದಾಜು ಅಂಕಿಗಳ ಎದುರು ಚುಕ್ಕಿಯಿಟ್ಟು ನೋಡಬೇಕು. ಬ್ಲಾಕ್ ಪದ್ಧತಿಯ ಪ್ರಯೋಗಗಳಲ್ಲಿ ಇದೇ ಅತ್ಯಂತ ಹೆಚ್ಚು ಮಾತಾಡುವ ಚಿತ್ರ. ಮೇಲಿನ ಅಂಕಿಗಳಲ್ಲಿ ಬ್ಲಾಕ್ 1ರ ಕೀಟನಾಶಕದ ತಾಕಿಗೆ ಕೂಡುವ ಲೆಕ್ಕ ಅಂದಾಜಿಸುವ ಸಂಖ್ಯೆಯನ್ನು ನೋಡಬಹುದು: ಉಪಚಾರದ ಸರಾಸರಿ 20, ಬ್ಲಾಕಿನ ಸರಾಸರಿ 86.75, ಇವೆರಡನ್ನು ಕೂಡಿಸಿ ಒಟ್ಟು ಸರಾಸರಿ 133.5 ಅನ್ನು ಕಳೆದರೆ ಬರುವುದು ಮೈನಸ್ 26.75. ಸೊನ್ನೆಗಿಂತ ಕಡಿಮೆ ಕೀಟಗಳಿರುವ ತಾಕು ಎಲ್ಲಿಯೂ ಇರಲಾರದು. ಬ್ಲಾಕ್ 4ರ ಕೀಟನಾಶಕದ ತಾಕಿಗೆ ಅದೇ ಲೆಕ್ಕ 94 ಎನ್ನುತ್ತದೆ, ಸಿಕ್ಕಿರುವುದು 36. ಚಿತ್ರದಲ್ಲಿ ಇದು ಎರಡು ತುದಿಗಳಲ್ಲಿ ಮೇಲೆದ್ದು ನಡುವೆ ಕುಸಿದ ಬಾಗಿನಂತೆ ಕಾಣುತ್ತದೆ. ಬಾಗು ಕಂಡರೆ ಪರಿಣಾಮಗಳು ಕೂಡುತ್ತಿಲ್ಲ, ಗುಣಿಸುತ್ತಿವೆ ಎಂದು ಅರ್ಥ. ಬಲಕ್ಕೆ ಹೋದಂತೆ ಅಗಲವಾಗುವ ಬೀಸಣಿಗೆ ಕಂಡರೆ ವೇರಿಯನ್ಸ್ ಅಸಮಾನ ಎಂದು ಅರ್ಥ.

4. ಬಾಗು ನಿಜವೇ ಎಂಬುದನ್ನು ಟ್ಯೂಕಿ ಪರೀಕ್ಷೆಯಿಂದ ಅಳೆಯಬೇಕು. ಜಾನ್ ಟ್ಯೂಕಿ 1949ರಲ್ಲಿ ಸೂಚಿಸಿದ ಈ ಪರೀಕ್ಷೆ, ಉಳಿಕೆಯ ಪಾಲಿನಲ್ಲಿ ಎಷ್ಟು ಭಾಗ ಕೇವಲ ಗುಣಾಕಾರದ ಸಂಬಂಧದಿಂದ ಬಂದಿದೆಯೆಂದು ಬೇರ್ಪಡಿಸಿ ತೋರಿಸುತ್ತದೆ. ಉದಾಹರಣೆಯಲ್ಲಿ ಉಳಿಕೆಯ ವರ್ಗಮೊತ್ತ ಸುಮಾರು 28,400. ಅದರಲ್ಲಿ ಸುಮಾರು 19,600, ಅಂದರೆ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು, ಈ ಒಂದೇ ಕಾರಣದ್ದು. ಪರೀಕ್ಷೆಯ ಎಫ್ ಬೆಲೆ 24.5, ಸಾರ್ಥಕವಾಗಲು 4.84 ಸಾಕಿತ್ತು. ಹೊಲದ ಆಕಸ್ಮಿಕ ಏರಿಳಿತವೆಂದು ಲೆಕ್ಕಕ್ಕೆ ಬಂದದ್ದರಲ್ಲಿ ಹೆಚ್ಚಿನ ಭಾಗ ಆಕಸ್ಮಿಕವೇ ಅಲ್ಲ, ತಪ್ಪು ಅಳತೆಗೋಲಿನ ಫಲ ಎಂಬುದು ಇಲ್ಲಿ ಬಯಲಾಗುತ್ತದೆ.

5. ನಾರ್ಮಲ್ ಗುಣವನ್ನು ಕೊನೆಯಲ್ಲಿ, ಶೇಷಗಳ ಮೇಲೆಯೇ ಪರೀಕ್ಷಿಸಬೇಕು. ಶೇಷಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಾರ್ಮಲ್ ವಿತರಣೆಯ ನಿರೀಕ್ಷಿತ ಬೆಲೆಗಳ ಎದುರು ಗುರುತಿಸುವ ಕ್ಯೂ-ಕ್ಯೂ ಚಿತ್ರದಲ್ಲಿ ಚುಕ್ಕಿಗಳು ನೇರ ಗೆರೆಯ ಬಳಿ ನಿಂತರೆ ಸಾಕು. 1965ರಲ್ಲಿ ಬಂದ ಶಪೀರೊ-ವಿಲ್ಕ್ ಪರೀಕ್ಷೆ ಈ ಚಿತ್ರಕ್ಕೆ ಸಂಖ್ಯೆಯ ಬೆಂಬಲ ಕೊಡುತ್ತದೆಯೇ ಹೊರತು ಅದರ ಬದಲಿಗೆ ನಿಲ್ಲುವುದಿಲ್ಲ. ಇಪ್ಪತ್ತು ತಾಕುಗಳ ಪ್ರಯೋಗದಲ್ಲಿ ಅದು ದೊಡ್ಡ ದೋಷವನ್ನೂ ಹಿಡಿಯದೆ ಬಿಡಬಹುದು, ನೂರಾರು ತಾಕುಗಳಿದ್ದಾಗ ಹಾನಿಯಿಲ್ಲದ ಸಣ್ಣ ಓರೆಯನ್ನೂ ದೋಷವೆಂದು ಸಾರಬಹುದು.

ಸಮಾನ ವೇರಿಯನ್ಸ್‌ಗಾಗಿ ಲೆವಿನ್ ಪರೀಕ್ಷೆಯನ್ನು (1960), ಅಥವಾ ಸರಾಸರಿಯ ಬದಲು ಮಧ್ಯಾಂಕವನ್ನು ಬಳಸುವ ಅದರ ಬ್ರೌನ್-ಫೋರ್ಸೈತ್ ರೂಪವನ್ನು (1974) ಬಳಸುವ ರೂಢಿಯಿದೆ. ಬ್ಲಾಕ್ ಇಲ್ಲದೆ ಪೂರ್ಣವಾಗಿ ಯಾದೃಚ್ಛಿಕವಾಗಿ ಹಂಚಿದ ಪ್ರಯೋಗಗಳಲ್ಲಿ ಅದು ಸರಿಯಾದ ಸಾಧನ. ಆದರೆ ಪ್ರತಿ ಬ್ಲಾಕಿನಲ್ಲಿ ಉಪಚಾರಕ್ಕೆ ಒಂದೇ ತಾಕು ಇರುವಾಗ ಎಚ್ಚರ ಬೇಕು: ಕೂಡುವ ಲೆಕ್ಕದ ತಪ್ಪು ಎಲ್ಲ ಉಪಚಾರಗಳ ಶೇಷಗಳಿಗೂ ಹಂಚಿಹೋಗುವುದರಿಂದ ಅಸಮಾನತೆ ಮರೆಯಾಗಬಹುದು. ಮೇಲಿನ ಉದಾಹರಣೆಯಲ್ಲಿ ಸಿಂಪರಣೆಯಿಲ್ಲದ ಉಪಚಾರದ ಮೂಲ ವೇರಿಯನ್ಸ್ ಕೀಟನಾಶಕದ್ದಕ್ಕಿಂತ ಸುಮಾರು 91 ಪಟ್ಟು ದೊಡ್ಡದು. ಶೇಷಗಳಲ್ಲಿ ಲೆಕ್ಕ ಹಾಕಿದರೆ ಅದೇ ಅನುಪಾತ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಬಾಗನ್ನು ಮೊದಲು ನೋಡಬೇಕು ಎನ್ನುವುದಕ್ಕೆ ಇದೇ ಕಾರಣ.

ಲಾಗ್ ರೂಪಾಂತರ ಏನು ಮಾಡುತ್ತದೆ?

ಗುಣಾಕಾರವನ್ನು ಸಂಕಲನವಾಗಿಸುವುದು ಲಾಗ್‌ನ ಸ್ವಭಾವ. ಬ್ಲಾಕ್ 1ರಿಂದ ಬ್ಲಾಕ್ 4ಕ್ಕೆ ಹೋದಾಗ ಸಿಂಪರಣೆಯಿಲ್ಲದ ತಾಕಿನಲ್ಲಿ ಎಣಿಕೆ 180ರಿಂದ 400ಕ್ಕೆ, ಅಂದರೆ 220ರಷ್ಟು ಏರಿದೆ. ಕೀಟನಾಶಕದ ತಾಕಿನಲ್ಲಿ 11ರಿಂದ 36ಕ್ಕೆ, ಕೇವಲ 25ರಷ್ಟು. ಪಟ್ಟುಗಳಲ್ಲಿ ಹೇಳಿದರೆ ಮೊದಲನೆಯದು 2.2 ಪಟ್ಟು, ಎರಡನೆಯದು 3.3 ಪಟ್ಟು; ಒಂಬತ್ತು ಪಟ್ಟು ದೂರವಿದ್ದ ಅಂತರಗಳು ಈಗ ಹತ್ತಿರ ಬಂದಿವೆ. ಪ್ರತಿ ಅಂಕಿಯ ಹತ್ತರ ಆಧಾರದ ಲಾಗ್ ತೆಗೆದ ಮೇಲೆ ನಾಲ್ಕು ಉಪಚಾರಗಳ ಮಾನಕ ವಿಚಲನೆ 0.15, 0.18, 0.15, 0.20 ಆಗುತ್ತದೆ. ಟ್ಯೂಕಿ ಪರೀಕ್ಷೆಯ ಎಫ್ ಬೆಲೆ 24.5ರಿಂದ 0.27ಕ್ಕೆ ಇಳಿದು, ಬಾಗು ಕಾಣೆಯಾಗುತ್ತದೆ.

ಈ ಅಳತೆಗೋಲಿನಲ್ಲಿ ಅನೋವಾ ಮಾಡಿದರೆ ಎಫ್ ಬೆಲೆ 165, ಸಿ.ಡಿ. 0.12. ಬೇವಿನ ಕಷಾಯದ ಸರಾಸರಿ ಲಾಗ್ 1.76, ಕೀಟನಾಶಕದ್ದು 1.26, ಅಂತರ 0.50, ಸಿ.ಡಿ.ಯ ನಾಲ್ಕು ಪಟ್ಟು. ಮೊದಲು ಒಂದೇ ಗುಂಪಿನಲ್ಲಿದ್ದ ಎರಡು ಉಪಚಾರಗಳು ಈಗ ಸಂಶಯಕ್ಕೆಡೆಯಿಲ್ಲದಂತೆ ಬೇರೆಯಾಗಿವೆ. ಎಫ್ ಬೆಲೆ ಹೆಚ್ಚಾಯಿತೆಂಬ ಕಾರಣಕ್ಕೆ ಲಾಗ್ ಸರಿಯೆಂದು ಇಲ್ಲಿ ಹೇಳಲಾಗುತ್ತಿಲ್ಲ. ಬಾಗು ಹೋಗಿ ಚದುರುವಿಕೆ ಸಮವಾಯಿತೆಂಬ ಕಾರಣಕ್ಕೆ ಲಾಗ್ ಸರಿ, ಎಫ್ ಬೆಲೆಯ ಏರಿಕೆ ಅದರ ಪರಿಣಾಮ ಮಾತ್ರ.

ಆರ್ ತಂತ್ರಾಂಶದಲ್ಲಿ ಈ ಕೆಲಸಕ್ಕೆ ಕೆಲವೇ ಸಾಲುಗಳು ಸಾಕು. ಬ್ಲಾಕ್ ಸಂಖ್ಯೆಗಳನ್ನು ಗುಂಪಿನ ಹೆಸರುಗಳೆಂದು ಘೋಷಿಸುವ ಮೊದಲ ಸಾಲನ್ನು ಬಿಟ್ಟರೆ, ತಂತ್ರಾಂಶ 1ರಿಂದ 5ನ್ನು ಅಳತೆಯೆಂದು ತಿಳಿದು ತಪ್ಪು ಉತ್ತರ ಕೊಡುತ್ತದೆ.

```
d$block <- factor(d$block); d$trt <- factor(d$trt)
m <- aov(log10(thrips) ~ block + trt, data = d)
plot(fitted(m), resid(m))
qqnorm(resid(m)); qqline(resid(m))
shapiro.test(resid(m))
summary(m)
friedman.test(thrips ~ trt | block, data = d)
```

ಯಾವ ಅಂಕಿಗೆ ಯಾವ ರೂಪಾಂತರ?

1. ದೊಡ್ಡ ಎಣಿಕೆಗಳು, ಪಟ್ಟುಗಳಲ್ಲಿ ಬದಲಾಗುವಂಥವು: ಲಾಗ್. ಎಲ್ಲಿಯೂ ಸೊನ್ನೆ ಇಲ್ಲದಿದ್ದರೆ ಅಂಕಿಗೆ ಏನನ್ನೂ ಕೂಡಿಸಬೇಕಾಗಿಲ್ಲ. ಅಲ್ಲೊಂದು ಇಲ್ಲೊಂದು ಸೊನ್ನೆ ಇದ್ದರೆ `log10(x + 1)` ರೂಢಿಯಲ್ಲಿದೆ, ಆದರೆ ಎಣಿಕೆಗಳೇ ಒಂದು, ಎರಡು, ಮೂರರಷ್ಟು ಚಿಕ್ಕವಾಗಿದ್ದರೆ ಕೂಡಿಸಿದ ಆ ಒಂದೇ ಫಲಿತಾಂಶವನ್ನು ತಿರುಚಬಲ್ಲದು.

2. ಚಿಕ್ಕ ಎಣಿಕೆಗಳು, ಗುಂಪುಗೂಡದೆ ಚದುರಿರುವಂಥವು: ವರ್ಗಮೂಲ, ಸೊನ್ನೆಗಳಿದ್ದರೆ `sqrt(x + 0.5)`. ವೇರಿಯನ್ಸ್ ಸರಾಸರಿಗೆ ನೇರ ಅನುಪಾತದಲ್ಲಿದ್ದಾಗ ಇದು ಅದನ್ನು ಸಮಗೊಳಿಸುತ್ತದೆ. ಥ್ರಿಪ್ಸ್‌ನಂತೆ ಗುಂಪುಗೂಡುವ ಕೀಟಗಳಿಗೆ ಇದು ಹಲವು ಬಾರಿ ಸಾಲದು.

3. ಶೇಕಡಾವಾರು ಅಂಕಿಗಳು: ತರೀಕೆರೆಯ ಅಡಿಕೆ ತೋಟದಲ್ಲಿ ಒಂದು ಗೊನೆಯ ಕಾಯಿಗಳಲ್ಲಿ ಉದುರಿದವು ಶೇಕಡಾ ಎಷ್ಟು ಎಂಬಂಥ, ಎಣಿಸಿದ್ದರಲ್ಲಿ ಇಷ್ಟು ಎಂಬ ಅಂಕಿಗಳು ಸೊನ್ನೆಯ ಅಥವಾ ನೂರರ ಸಮೀಪದಲ್ಲಿ ಒತ್ತಾಗಿ ಕೂತುಬಿಡುತ್ತವೆ. ಇವಕ್ಕೆ ಆರ್ಕ್‌ಸೈನ್ ರೂಪಾಂತರವನ್ನು ಬಹುಕಾಲದಿಂದ ಬಳಸಲಾಗುತ್ತಿದೆ. ಎಲ್ಲ ಅಂಕಿಗಳೂ 30ರಿಂದ 70ರ ನಡುವೆ ಇದ್ದರೆ ಅದರ ಅಗತ್ಯವಿಲ್ಲ. ಉದುರಿದ ಕಾಯಿ, ಒಟ್ಟು ಕಾಯಿ ಎರಡೂ ಸಂಖ್ಯೆಗಳು ಕೈಯಲ್ಲಿದ್ದರೆ ಲಾಜಿಸ್ಟಿಕ್ ವಿಶ್ಲೇಷಣೆ ಅದಕ್ಕಿಂತ ಉತ್ತಮವೆಂದು ವಾರ್ಟನ್ ಮತ್ತು ಹುಯಿ 2011ರಲ್ಲಿ ವಾದಿಸಿದರು.

4. ಇಳುವರಿ: ಕಡೂರಿನ ರಾಗಿ ತಾಕುಗಳ ಇಳುವರಿಯಂಥ ತೂಕದ ಅಂಕಿಗಳು ಅಸಂಖ್ಯ ಗಿಡಗಳ ಮೊತ್ತವಾದ್ದರಿಂದ ಸಾಮಾನ್ಯವಾಗಿ ಯಾವ ರೂಪಾಂತರವನ್ನೂ ಬೇಡುವುದಿಲ್ಲ. ಶೇಷಗಳ ಚಿತ್ರ ಚೆನ್ನಾಗಿದ್ದರೆ ಮೂಲ ಅಂಕಿಗಳಲ್ಲಿಯೇ ಅನೋವಾ ಮಾಡಬೇಕು.

5. ಸೊನ್ನೆಗಳೇ ತುಂಬಿರುವ ಎಣಿಕೆಗಳು: ಯಾವ ರೂಪಾಂತರವೂ ಸೊನ್ನೆಗಳ ರಾಶಿಯನ್ನು ಬಿಡಿಸಲಾರದು, ಸೊನ್ನೆಯಾಗಿದ್ದ ರಾಶಿ ಬೇರೊಂದು ಸಂಖ್ಯೆಯ ರಾಶಿಯಾಗುತ್ತದೆ ಅಷ್ಟೆ. ಎಣಿಕೆಗಾಗಿಯೇ ರೂಪಿಸಿದ ಋಣಾತ್ಮಕ ದ್ವಿಪದ ಮಾದರಿಯಂಥ ವಿಶ್ಲೇಷಣೆ, ಅಥವಾ ಕೀಟ ಇದೆಯೇ ಇಲ್ಲವೇ ಎಂದಷ್ಟೇ ನೋಡುವ ವಿಶ್ಲೇಷಣೆ ಅಲ್ಲಿ ಸರಿಯಾದ ದಾರಿ.

ಬ್ಲಾಕ್ ಇಲ್ಲದ ಪ್ರಯೋಗದಲ್ಲಿ ಶೇಷಗಳು ನಾರ್ಮಲ್ ಆಗಿದ್ದು ವೇರಿಯನ್ಸ್ ಮಾತ್ರ ಅಸಮಾನವಾಗಿದ್ದರೆ, ಪ್ರತಿ ಉಪಚಾರಕ್ಕೂ ಅದರದೇ ವೇರಿಯನ್ಸ್ ಬಳಸುವ ವೆಲ್ಚ್ ಅನೋವಾ (1951) ಇದೆ. ಆಗ ಅಂಕಿಗಳನ್ನು ಬದಲಿಸಬೇಕಾಗಿಯೇ ಇಲ್ಲ.

ಶ್ರೇಯಾಂಕ ಪರೀಕ್ಷೆ: ಎಲ್ಲಿ ನೆರವು, ಎಲ್ಲಿ ನಷ್ಟ?

ಶ್ರೇಯಾಂಕ ಪರೀಕ್ಷೆಗಳು ಅಂಕಿಗಳನ್ನು ಬಿಟ್ಟು, ಮೊದಲನೆಯದು, ಎರಡನೆಯದು ಎಂಬ ಅವುಗಳ ಸ್ಥಾನವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. ಬ್ಲಾಕ್ ಇಲ್ಲದ ಪ್ರಯೋಗಕ್ಕೆ ಕ್ರಸ್ಕಲ್-ವಾಲಿಸ್ ಪರೀಕ್ಷೆ (1952), ಬ್ಲಾಕ್ ಇರುವ ಪ್ರಯೋಗಕ್ಕೆ ಫ್ರೀಡ್‌ಮನ್ ಪರೀಕ್ಷೆ (1937) ಎಂಬ ಭೇದವನ್ನು ಮರೆಯಬಾರದು. ಎರಡನೆಯದನ್ನು ಸೂಚಿಸಿದವರು ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮಿಲ್ಟನ್ ಫ್ರೀಡ್‌ಮನ್.

ಉದಾಹರಣೆಯ ಪ್ರತಿ ಬ್ಲಾಕಿನೊಳಗೆ ಕಡಿಮೆ ಎಣಿಕೆಗೆ 1, ಹೆಚ್ಚಿನದಕ್ಕೆ 4 ಎಂದು ಸ್ಥಾನ ಕೊಟ್ಟರೆ, ಬ್ಲಾಕ್ 2ರಲ್ಲಿ ಮಾತ್ರ ಅಂಟು ಬಲೆ ಸಿಂಪರಣೆಯಿಲ್ಲದ ತಾಕನ್ನು ಮೀರುತ್ತದೆ, ಉಳಿದೆಡೆ ಕ್ರಮ ಒಂದೇ. ಸ್ಥಾನಗಳ ಮೊತ್ತ ಕ್ರಮವಾಗಿ 19, 16, 10, 5. ಫ್ರೀಡ್‌ಮನ್ ಬೆಲೆ 14.04, ನಿರ್ಣಾಯಕ ಬೆಲೆ 7.81. ಉಪಚಾರಗಳು ಒಟ್ಟಾರೆ ಒಂದೇ ಅಲ್ಲವೆಂಬುದು ಹೀಗೆ ಸಿದ್ಧವಾಗುತ್ತದೆ. ಆದರೆ ಜೋಡಿಗಳನ್ನು ಹೋಲಿಸುವ ನೆಮೆನ್ಯಿ ವಿಧಾನದಲ್ಲಿ ಎರಡು ಮೊತ್ತಗಳ ಅಂತರ 10.5 ಆದರೂ ಇರಬೇಕು. ಬೇವು ಮತ್ತು ಕೀಟನಾಶಕದ ಅಂತರ 5. ಸಿಂಪರಣೆಯಿಲ್ಲದ ಉಪಚಾರ ಮತ್ತು ಬೇವಿನ ಅಂತರವೂ 9 ಮಾತ್ರ: 266ಕ್ಕೂ 60ಕ್ಕೂ ವ್ಯತ್ಯಾಸವಿಲ್ಲ ಎಂದಂತೆ.

ಇದು ಅಂಕಿಗಳ ದೋಷವಲ್ಲ, ಬ್ಲಾಕುಗಳ ಸಂಖ್ಯೆಯ ಮಿತಿ. ಐದೂ ಬ್ಲಾಕುಗಳಲ್ಲಿ ಒಂದೇ ಉಪಚಾರ ಗೆದ್ದರೂ, ಆಕಸ್ಮಿಕವಾಗಿ ಹಾಗಾಗುವ ಸಂಭವ ಎರಡೂ ದಿಕ್ಕು ಸೇರಿ ಹದಿನಾರರಲ್ಲಿ ಒಂದು, ಅಂದರೆ 0.0625. ಎರಡು ಉಪಚಾರಗಳನ್ನು ಮಾತ್ರ ಸ್ಥಾನಗಳಿಂದ ಹೋಲಿಸಿದರೆ ಇದು 0.05ಕ್ಕಿಂತ ಕೆಳಗಿಳಿಯಲು ಸಾಧ್ಯವೇ ಇಲ್ಲ. ಕನಿಷ್ಠ ಆರು ಬ್ಲಾಕುಗಳು ಬೇಕು. ನಾಲ್ಕು ಉಪಚಾರಗಳ ಆರು ಜೋಡಿಗಳಿಗೆ 0.05ನ್ನು ಆರು ಪಾಲು ಮಾಡಿ ಹಂಚಿದರೆ ಎಂಟು ಬ್ಲಾಕುಗಳು ಬೇಕಾಗುತ್ತವೆ. ಮೂರು-ನಾಲ್ಕು ಪುನರಾವರ್ತನೆಗಳ ಪ್ರಯೋಗಕ್ಕೆ ಶ್ರೇಯಾಂಕ ಪರೀಕ್ಷೆಯನ್ನು ಆರಿಸಿಕೊಂಡು, ನಂತರ ವ್ಯತ್ಯಾಸ ಕಾಣಲಿಲ್ಲವೆಂದು ಬರೆಯುವುದರಲ್ಲಿ ಅರ್ಥವಿಲ್ಲ.

ಹಾಗಿದ್ದರೆ ಈ ಪರೀಕ್ಷೆಗಳ ಜಾಗ ಯಾವುದು? ಈರುಳ್ಳಿಯ ನೇರಳೆ ಮಚ್ಚೆ ರೋಗಕ್ಕೆ ಕಣ್ಣಂದಾಜಿನಲ್ಲಿ 0ರಿಂದ 5ರವರೆಗೆ ಅಂಕ ಕೊಟ್ಟಿರುವಂಥ ಸಂದರ್ಭವೇ ಅವುಗಳ ಸಹಜ ನೆಲೆ. ಅಲ್ಲಿ 4 ಎಂಬುದು 2ರ ಎರಡರಷ್ಟು ರೋಗವಲ್ಲ, ಅದಕ್ಕಿಂತ ಹೆಚ್ಚು ಎಂದಷ್ಟೇ ಅರ್ಥ. ಸ್ಥಾನಕ್ಕಿಂತ ಹೆಚ್ಚಿನ ಮಾಹಿತಿ ಆ ಅಂಕಗಳಲ್ಲಿ ಇಲ್ಲವಾದ್ದರಿಂದ ಕಳೆದುಕೊಳ್ಳುವುದೂ ಏನಿಲ್ಲ. ರೂಪಾಂತರದ ನಂತರವೂ ಒಂದೆರಡು ತಾಕುಗಳು ದೂರ ನಿಂತು, ಅವನ್ನು ಕೈಬಿಡಲು ಹೊಲದ ಟಿಪ್ಪಣಿಯಲ್ಲಿ ಕಾರಣ ಸಿಗದಿದ್ದಾಗಲೂ, ಬ್ಲಾಕುಗಳು ಸಾಕಷ್ಟಿದ್ದರೆ, ಇವು ನೆರವಾಗುತ್ತವೆ.

ಸಾಮಾನ್ಯ ತಪ್ಪುಗಳು

* ಮೂಲ ಅಂಕಿಗಳ ಮೇಲೆಯೇ ಶಪೀರೊ-ವಿಲ್ಕ್ ನಡೆಸುವುದು. ಇಪ್ಪತ್ತೂ ಅಂಕಿಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಉಪಚಾರಗಳ ನಡುವಿನ ಅಂತರವೇ ನಾರ್ಮಲ್ ಅಲ್ಲದ ಆಕಾರವನ್ನು ತಂದೊಡ್ಡುತ್ತದೆ. ಉಪಚಾರ ಎಷ್ಟು ಪರಿಣಾಮಕಾರಿಯೋ ಪರೀಕ್ಷೆ ಅಷ್ಟು ಸೋಲುತ್ತದೆ. ಪರೀಕ್ಷೆಗೆ ಒಳಪಡಬೇಕಾದದ್ದು ಶೇಷಗಳು.

* ಬ್ಲಾಕ್ ಪ್ರಯೋಗಕ್ಕೆ ಕ್ರಸ್ಕಲ್-ವಾಲಿಸ್ ಬಳಸುವುದು. ಅದು ಬ್ಲಾಕನ್ನು ಕಾಣುವುದಿಲ್ಲವಾದ್ದರಿಂದ, ಹೊಲದಲ್ಲಿ ಶ್ರಮಪಟ್ಟು ಬೇರ್ಪಡಿಸಿದ ಇಳಿಜಾರಿನ ವ್ಯತ್ಯಾಸ ಮತ್ತೆ ಉಳಿಕೆಯೊಳಗೆ ಬೆರೆತುಹೋಗುತ್ತದೆ.

* ಶ್ರೇಯಾಂಕ ಪರೀಕ್ಷೆಗೆ ಷರತ್ತೇ ಇಲ್ಲವೆಂದು ತಿಳಿಯುವುದು. ಕ್ರಸ್ಕಲ್-ವಾಲಿಸ್ ಫಲಿತಾಂಶವನ್ನು ಮಧ್ಯಾಂಕಗಳ ವ್ಯತ್ಯಾಸವೆಂದು ಓದಬೇಕಾದರೆ ಗುಂಪುಗಳ ವಿತರಣೆಯ ಆಕಾರ ಒಂದೇ ಆಗಿರಬೇಕು. ಚದುರುವಿಕೆ ಅಸಮಾನವಾಗಿದ್ದರೆ ಅಲ್ಲಿಯೂ ಫಲಿತಾಂಶ ದಾರಿ ತಪ್ಪಿಸುತ್ತದೆ.

* ಒಂದಾದ ಮೇಲೊಂದು ರೂಪಾಂತರ ಪ್ರಯತ್ನಿಸಿ ಸಾರ್ಥಕವಾದದ್ದನ್ನು ಇಟ್ಟುಕೊಳ್ಳುವುದು. ರೂಪಾಂತರವನ್ನು ಸರಾಸರಿ-ವಿಚಲನೆಯ ಸಂಬಂಧ ಮತ್ತು ಶೇಷಗಳ ಚಿತ್ರ ನೋಡಿ ಆರಿಸಬೇಕು, ಎಫ್ ಬೆಲೆ ನೋಡಿ ಅಲ್ಲ.

* ಲಾಗ್‌ನ ಸಿ.ಡಿ.ಯನ್ನು ಮೂಲ ಮಾನಕ್ಕೆ ತಿರುಗಿಸುವುದು. 0.12 ಎಂಬ ಸಿ.ಡಿ.ಯನ್ನು ಕೀಟಗಳ ಸಂಖ್ಯೆಯಾಗಿ ಬರೆಯಲಾಗದು. ಲಾಗ್ ಮಾನದ ಅಂತರ ಮೂಲ ಮಾನದಲ್ಲಿ ಪಟ್ಟಾಗುತ್ತದೆ, ಸಿ.ಡಿ.ಯನ್ನು ಲಾಗ್ ಸರಾಸರಿಗಳ ಪಕ್ಕದಲ್ಲಿಯೇ ಇಡಬೇಕು.

ವರದಿಯಲ್ಲಿ ಬರೆಯುವ ಬಗೆ

ಕೋಷ್ಟಕದಲ್ಲಿ ಲಾಗ್ ಸರಾಸರಿಗಳನ್ನು, ಅಂದರೆ 2.40, 2.24, 1.76, 1.26 ಅನ್ನು, ಬರೆದು ಕೆಳಗೆ ಸಿ.ಡಿ. ಕೊಟ್ಟು, ಪಕ್ಕದ ಆವರಣದಲ್ಲಿ ಅವುಗಳಿಂದ ತಿರುಗಿ ಪಡೆದ 253, 175, 57, 18 ಅನ್ನು ಕೊಡಬೇಕು. ಇವು ಮೂಲ ಸರಾಸರಿಗಳಾದ 266, 188, 60, 20ಕ್ಕಿಂತ ಯಾವಾಗಲೂ ಸ್ವಲ್ಪ ಕಡಿಮೆಯೇ, ಏಕೆಂದರೆ ಅವು ಕೂಡಿಸಿ ಭಾಗಿಸಿದ ಸರಾಸರಿಗಳಲ್ಲ, ಗುಣೋತ್ತರ ಸರಾಸರಿಗಳು. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ಓದುವವರಿಗೆ ಗೊಂದಲವಾಗುವುದರಿಂದ ಅಡಿಟಿಪ್ಪಣಿಯಲ್ಲಿ ಯಾವುದು ಯಾವುದೆಂದು ಸ್ಪಷ್ಟವಾಗಿ ಹೇಳಬೇಕು.

ಫಲಿತಾಂಶದ ವಾಕ್ಯವನ್ನು ಪಟ್ಟುಗಳಲ್ಲಿಯೇ ಬರೆಯುವುದು ಲೆಕ್ಕಕ್ಕೂ ಹೊಲಕ್ಕೂ ಸರಿಹೊಂದುತ್ತದೆ: ಬೇವಿನ ಕಷಾಯದ ತಾಕಿನಲ್ಲಿ ಕೀಟನಾಶಕದ ತಾಕಿಗಿಂತ 3.1 ಪಟ್ಟು ಥ್ರಿಪ್ಸ್ ಉಳಿದಿದ್ದವು, ಶೇಕಡಾ 95ರ ಭರವಸೆಯ ವ್ಯಾಪ್ತಿ 2.4ರಿಂದ 4.2 ಪಟ್ಟು, ಸಿಂಪರಣೆಯಿಲ್ಲದ ತಾಕಿಗೆ ಹೋಲಿಸಿದರೆ ಬೇವಿನ ಕಷಾಯ ಕೀಟವನ್ನು ಸುಮಾರು ನಾಲ್ಕೂವರೆಯಲ್ಲಿ ಒಂದು ಪಾಲಿಗೆ ಇಳಿಸಿತ್ತು. ಮೂಲ ಅಂಕಿಗಳ ಅನೋವಾ ಮೊದಲನೆಯ ಮಾತನ್ನು ಹೇಳಲು ಬಿಡಲಿಲ್ಲ, ಶ್ರೇಯಾಂಕ ಪರೀಕ್ಷೆ ಎರಡನ್ನೂ ಹೇಳಲು ಬಿಡಲಿಲ್ಲ. ಇಪ್ಪತ್ತು ತಾಕುಗಳ ಅದೇ ಅಂಕಿಗಳಲ್ಲಿ ಎರಡೂ ಉತ್ತರಗಳು ಮೊದಲಿನಿಂದಲೂ ಇದ್ದವು.